ದೋಷ ಅಕ್ಷರದ್ದಲ್ಲ, ಚೌಕಟ್ಟಿನದು



ನಮ್ಮ ಸೀಮೆಯ ತರುಣರು ಊರೂರು ಸುತ್ತಿ ವೀಡಿಯೊ ಮಾಡಿ ಯೂಟ್ಯೂಬಿಗೆ ಏರಿಸುತ್ತಿರುವುದು ಸಂತೋಷದ ಸಂಗತಿ. ಆದರೆ ಅವರಲ್ಲಿ ಹಲವರ ಬಾಯಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ: "ಥಂಬ್‌ನೇಲಿನಲ್ಲಿ ಕನ್ನಡ ಹಾಕಿದರೆ ಮೊಬೈಲಿನಲ್ಲಿ ಕಾಣಿಸುವುದಿಲ್ಲ ಸರ್, ಇಂಗ್ಲಿಷೇ ಸರಿ." ಈ ಮಾತನ್ನು ನಾನು ಒಪ್ಪುವುದಿಲ್ಲ. ಕಾಣಿಸುವುದಿಲ್ಲ ಎಂಬುದು ಎಷ್ಟೋ ಸಲ ನಿಜ; ಅದಕ್ಕೆ ಕಾರಣ ಕನ್ನಡ ಲಿಪಿ ಎಂಬುದು ಸುಳ್ಳು.

ಮೊದಲು ಕಾರಣವನ್ನು ನೋಡೋಣ. ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರದ ಪಟ್ಟಿಯೊಳಗೆ ಕುಳಿತುಕೊಳ್ಳುತ್ತವೆ. ಕನ್ನಡದ ಅಕ್ಷರಕ್ಕಾದರೋ ಮೂರು ಅಂತಸ್ತುಗಳಿವೆ. ನಡುವೆ ಮೂಲಾಕ್ಷರ, ಮೇಲೆ ಗುಣಿತದ ಚಿಹ್ನೆ, ಕೆಳಗೆ ಒತ್ತು. ನಮ್ಮ ಮೂರು ಊರುಗಳ ಹೆಸರನ್ನೇ ಬರೆದು ನೋಡಿರಿ. 'ಕಡೂರು' ಎಂಬಲ್ಲಿ ಕೆಳಗಿನ ಅಂತಸ್ತು ಖಾಲಿ. 'ತರೀಕೆರೆ'ಯಲ್ಲಿ ಮೇಲಿನ ಅಂತಸ್ತು ತುಂಬಿದೆ, ಕೆಳಗೆ ಏನೂ ಇಲ್ಲ. 'ಅಜ್ಜಂಪುರ' ಎಂದೊಡನೆ ಜಕಾರದ ಒತ್ತು ಕೆಳಗಿಳಿಯುತ್ತದೆ. ಇನ್ನು ಭದ್ರಾ ಅಣೆಕಟ್ಟಿರುವ 'ಲಕ್ಕವಳ್ಳಿ'ಯಲ್ಲಿ ಎರಡು ಒತ್ತುಗಳು, ಮೇಲೊಂದು ಗುಡಿಸು. ಇಂಗ್ಲಿಷಿಗೆಂದು ಕತ್ತರಿಸಿದ ಚೌಕಟ್ಟಿನೊಳಗೆ ಈ ಹೆಸರುಗಳನ್ನು ತುರುಕಿದರೆ ಮೂಲಾಕ್ಷರವು ಕುಗ್ಗಲೇಬೇಕು. ನಮ್ಮವರು ಮಾಡುತ್ತಿರುವುದು ಇದನ್ನೇ.

ಒಂದು ಉದಾಹರಣೆಯನ್ನು ಅಳತೆ ಸಹಿತ ಬಿಡಿಸೋಣ. ತರೀಕೆರೆ ತಾಲ್ಲೂಕಿನ ಅಮೃತಾಪುರದ ಅಮೃತೇಶ್ವರ ದೇವಾಲಯದ ಬಗ್ಗೆ ಒಂದು ವೀಡಿಯೊ ಇದೆಯೆಂದುಕೊಳ್ಳಿ. ಥಂಬ್‌ನೇಲಿನ ಅಳತೆ 1280 ಪಿಕ್ಸೆಲ್ ಅಗಲ, 720 ಎತ್ತರ. ಚಿತ್ರದ ಕೆಳಭಾಗದಲ್ಲಿ ಊರಿನ ಹೆಸರು 120 ಪಿಕ್ಸೆಲ್ ಎತ್ತರದ ಇಂಗ್ಲಿಷ್ ಅಕ್ಷರಗಳಲ್ಲಿದೆ. ಹಳದಿ ಬಣ್ಣ, ಸುತ್ತ 10 ಪಿಕ್ಸೆಲಿನ ಕಪ್ಪು ಔಟ್‌ಲೈನ್. ಇದನ್ನು ಅಳಿಸಿ ಅದೇ ಜಾಗದಲ್ಲಿ 'ಅಮೃತೇಶ್ವರ ದೇವಾಲಯ' ಎಂದು ಬರೆಯುತ್ತಾರೆ. ಮೇಲಿನ ಏತ್ವದಿಂದ ಕೆಳಗಿನ ವಕಾರದ ಒತ್ತಿನವರೆಗೆ ಎಲ್ಲವೂ 120ರೊಳಗೆ ಅಡಕವಾಗಬೇಕಾದ್ದರಿಂದ ಮೂಲಾಕ್ಷರಕ್ಕೆ ಉಳಿಯುವುದು ಸುಮಾರು 75 ಪಿಕ್ಸೆಲ್. ಮೊಬೈಲಿನಲ್ಲಿ ವೀಡಿಯೊಗಳ ಪಟ್ಟಿಯೊಳಗೆ ಈ ಚಿತ್ರವು ಸುಮಾರು ಮೂರು ಸೆಂಟಿಮೀಟರ್ ಅಗಲವಾಗಿ ಕಾಣುತ್ತದೆ. ಆಗ 75 ಪಿಕ್ಸೆಲ್ ಎಂದರೆ ಎರಡು ಮಿಲಿಮೀಟರಿಗೂ ಕಡಿಮೆ; ಒತ್ತು ಒಂದು ಮಿಲಿಮೀಟರಿನಷ್ಟೂ ಇಲ್ಲ.

ಇದಕ್ಕಿಂತ ದೊಡ್ಡ ಕೇಡು ಔಟ್‌ಲೈನಿನಿಂದ. ಅಕ್ಷರ ಕುಗ್ಗಿದರೂ ಅದು ಹಳೆಯ 10 ಪಿಕ್ಸೆಲಿನಲ್ಲೇ ನಿಲ್ಲುತ್ತದೆ. ಎಷ್ಟೋ ಆ್ಯಪುಗಳು ಈ ಗೆರೆಯನ್ನು ಅಕ್ಷರದ ಅಂಚಿನ ಮೇಲೆಯೇ ಎಳೆಯುತ್ತವೆ. ಅರ್ಧ ಹೊರಗೆ, ಅರ್ಧ ಒಳಗೆ. ಅಕ್ಷರದ ಒಂದು ಎಳೆ 12 ಪಿಕ್ಸೆಲ್ ದಪ್ಪವಿದ್ದರೆ ಎರಡು ಕಡೆಯಿಂದಲೂ ಐದೈದು ತಿಂದುಹೋಗಿ ಎರಡು ಉಳಿಯುತ್ತದೆ. ಒತ್ತಿನ ಎಳೆಯಂತೂ ಇನ್ನೂ ತೆಳು. ಅದು ಕಪ್ಪಿನಲ್ಲಿ ಮುಳುಗಿಯೇ ಹೋಗುತ್ತದೆ. ಆಮೇಲೆ ಹೇಳುವುದು, "ಕನ್ನಡ ಕಾಣಿಸುವುದಿಲ್ಲ!"

ಸರಿಯಾದ ಕ್ರಮ ಕಷ್ಟದ್ದಲ್ಲ. ಮೊದಲು ಹಳೆಯ ಬರಹವನ್ನು ತೆಗೆಯುವ ಬಗೆ. ಅದರ ಮೇಲೆ ಕರಿಪಟ್ಟಿ ಬಳಿಯುವುದು ಸೋಮಾರಿತನ; ದೇವಾಲಯದ ಬುಡವೇ ಮುಚ್ಚಿಹೋಗುತ್ತದೆ. ಅಕ್ಕಪಕ್ಕದ ಕಲ್ಲಿನಿಂದ ತೇಪೆ ಹಾಕುವುದು ಅದಕ್ಕಿಂತ ಅನ್ಯಾಯ. 1196ರ ಹೊಯ್ಸಳ ಕಟ್ಟಡಕ್ಕೆ ಇಲ್ಲದ ಕೆತ್ತನೆಯನ್ನು ಅಂಟಿಸಿದಂತಾಗುತ್ತದೆ. ಲೇಯರುಗಳಿರುವ ಮೂಲ ಕಡತವಿದ್ದರೆ ಅದನ್ನು ತೆರೆಯಿರಿ. ಇಲ್ಲವಾದರೆ ವೀಡಿಯೊದಿಂದಲೇ ಬರಹವಿಲ್ಲದ ಚಿತ್ರವನ್ನು ಮತ್ತೆ ತೆಗೆದುಕೊಳ್ಳಿ. ಹಳೆಯ ಬರಹವು ಬರಿಯ ಆಕಾಶದ ಮೇಲಿದ್ದರೆ ಮಾತ್ರ ತೇಪೆ ನಡೆದೀತು. ಆಗಲೂ ಔಟ್‌ಲೈನಿನ ಹೊರಗೆ ಇನ್ನಷ್ಟು ಪಿಕ್ಸೆಲ್ ಸೇರಿಸಿ ಅಳಿಸಬೇಕು. ಇಲ್ಲದಿದ್ದರೆ ಹಳೆಯ ಅಕ್ಷರದ ನೆರಳು ಸುತ್ತಲೂ ಉಳಿಯುತ್ತದೆ.

ಎರಡನೆಯದು ಪದಗಳ ಆಯ್ಕೆ. ವೀಡಿಯೊದ ಶೀರ್ಷಿಕೆ ಥಂಬ್‌ನೇಲಿನ ಮಗ್ಗುಲಲ್ಲೋ ಕೆಳಗೋ ಹೇಗೂ ಇರುತ್ತದೆ. ದೇವಾಲಯ, ತಾಲ್ಲೂಕು, ಜಿಲ್ಲೆ ಎಲ್ಲವೂ ಅಲ್ಲಿರಲಿ. ಚಿತ್ರದ ಮೇಲೆ 'ಅಮೃತಾಪುರ' ಒಂದೇ ಸಾಕು. ಆಗ ಮೂಲಾಕ್ಷರವನ್ನು 140 ಪಿಕ್ಸೆಲಿಗೆ ಏರಿಸಬಹುದು. ಪಟ್ಟಿಯಲ್ಲಿಯೂ ಅದು ಮೂರು ಮಿಲಿಮೀಟರಿಗಿಂತ ಹೆಚ್ಚಾಗಿ ಕಾಣುತ್ತದೆ.

ಮೂರನೆಯದು ಔಟ್‌ಲೈನ್. ಪದದ ಎರಡು ಪ್ರತಿಗಳನ್ನು ಒಂದರ ಮೇಲೊಂದು ಇಡಿ. ಕೆಳಗಿನದಕ್ಕೆ 20 ಪಿಕ್ಸೆಲಿನ ಕಪ್ಪು ಗೆರೆ ಕೊಡಿ. ಮೇಲಿನದಕ್ಕೆ ಗೆರೆಯೇ ಬೇಡ. ಕೆಳಗಿನ ಗೆರೆಯ ಒಳಗಿನ ಅರ್ಧವು ಮೇಲಿನ ಹಳದಿಯ ಅಡಿಯಲ್ಲಿ ಅಡಗುತ್ತದೆ, ಹೊರಗೆ ಹತ್ತು ಪಿಕ್ಸೆಲ್ ಮಾತ್ರ ಉಳಿಯುತ್ತದೆ. ಹಳದಿ ಅಕ್ಷರದ ಒಂದು ಎಳೆಯೂ ತೆಳುವಾಗುವುದಿಲ್ಲ. ಪಕ್ಕದ ಅಕ್ಷರದ ಗೆರೆ ಈ ಅಕ್ಷರವನ್ನು ಕಚ್ಚುವುದೂ ಇಲ್ಲ.

ನಾಲ್ಕನೆಯದು ಜಾಗ. ಬಲಗಡೆಯ ಕೆಳಮೂಲೆಯಲ್ಲಿ ವೀಡಿಯೊದ ಅವಧಿಯ ಚೀಟಿ ಕೂರುತ್ತದೆ. ಚಿತ್ರ ಕುಗ್ಗಿದಷ್ಟು ಈ ಚೀಟಿ ಕುಗ್ಗುವುದಿಲ್ಲ. ಆದ್ದರಿಂದ ಸಣ್ಣ ಚಿತ್ರದಲ್ಲಿಯೇ ಅದು ಹೆಚ್ಚು ಜಾಗ ನುಂಗುವುದು. ಅರ್ಧ ನೋಡಿ ಬಿಟ್ಟ ವೀಡಿಯೊಗಳಿಗೆ ಕೆಳ ಅಂಚಿನಲ್ಲಿ ಕೆಂಪು ಗೆರೆಯೂ ಬರುತ್ತದೆ. ಒತ್ತುಗಳು ನೇತಾಡುವುದು ಅಲ್ಲಿಯೇ ಅಲ್ಲವೇ? ಆದಕಾರಣ ನಮ್ಮ ಅಮೃತಾಪುರ ಮೇಲಿನ ಎಡಭಾಗದ ಆಕಾಶಕ್ಕೆ ಹೋಗಲಿ, ಅಂಚಿನಿಂದ 60 ಪಿಕ್ಸೆಲ್ ದೂರದಲ್ಲಿ. ಈ ದೂರವನ್ನು ಅಕ್ಷರದ ಮೈಯಿಂದ ಅಳೆಯಬಾರದು, ಔಟ್‌ಲೈನಿನ ಹೊರ ಅಂಚಿನಿಂದ ಅಳೆಯಬೇಕು. ಬರಹವನ್ನು ಕೆಳಗೇ ಇಡಬೇಕಾಗಿ ಬಂದರೆ ಒತ್ತಿನ ತುದಿಯಿಂದ ಲೆಕ್ಕ ಹಿಡಿಯಬೇಕು.

ಕೊನೆಗೆ ಪರೀಕ್ಷೆ. ಚಿತ್ರವನ್ನು 160 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಿ, ಆ ಊರನ್ನು ಅರಿಯದವರೊಬ್ಬರ ಕೈಗೆ ಕೊಟ್ಟು ಓದಿಸಿರಿ. ಓದಿದರೆ ಸಾಲದು, ಎರಡನೆಯ ಅಕ್ಷರ ಯಾವುದೆಂದು ಕೇಳಿರಿ. 'ಮೃ' ಎಂದರೆ ಉತ್ತೀರ್ಣ. 'ಮ್ರ'ವೋ 'ಮೃ'ವೋ ಎಂದು ಅನುಮಾನಿಸಿದರೆ ನಿಮ್ಮ ಕೆಲಸ ಮುಗಿದಿಲ್ಲ. ಊರಿನವರು ಅಭ್ಯಾಸಬಲದಿಂದ ಸರಿಯಾಗಿಯೇ ಓದುತ್ತಾರೆ. ಅವರ ಸಾಕ್ಷ್ಯ ಇಲ್ಲಿ ನಡೆಯದು.

ಇದು ಮೇಷ್ಟರ ಕಾಗುಣಿತದ ಹಠ ಎನ್ನುವವರಿದ್ದಾರೆ. ಎನ್ನಲಿ. ಇಂದಿನ ಮಗು ಒಂದು ಊರಿನ ಹೆಸರನ್ನು ಪುಸ್ತಕದಲ್ಲಿ ಕಾಣುವುದಕ್ಕೆ ಮೊದಲೇ ಮೊಬೈಲಿನಲ್ಲಿ ಕಾಣುತ್ತದೆ. ಅಲ್ಲಿ ಋಕಾರ ಕರಗಿಹೋಗಿದ್ದರೆ ಅದರ ಕೈಬರಹದಲ್ಲಿ 'ಅಮ್ರತ' ಮೂಡುವುದು ಸಹಜ.

ಪ್ರತಿವಾದಿಗಳ ಮಾತಿನಲ್ಲಿ ಒಂದಂಶ ನಿಜವಿದೆ. ಒತ್ತುಗಳಿಂದ ತುಂಬಿದ ಎರಡು ಸಾಲುಗಳನ್ನು ಇಷ್ಟು ಚಿಕ್ಕ ಚಿತ್ರದಲ್ಲಿ ಹೊಂದಿಸುವುದು ದುಸ್ಸಾಧ್ಯ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ಡಿಕ್ಕಿ ಹೊಡೆಯುತ್ತದೆ. ಅದಕ್ಕೆ ಪರಿಹಾರ ಒಂದು ಸಾಲನ್ನು ಕೈಬಿಡುವುದೇ ಹೊರತು ಲಿಪಿಯನ್ನು ಕೈಬಿಡುವುದಲ್ಲ.

ಅಮೃತಾಪುರದ ದೇವಾಲಯದಲ್ಲಿ ಕವಿ ಜನ್ನನ ಪದ್ಯಗಳಿರುವ ಶಾಸನದ ಕಲ್ಲು ನಿಂತಿದೆ. ಉಳಿ ಹಿಡಿದವನಿಗೆ ಒತ್ತಕ್ಷರಗಳಿಗೆ ಎಡೆ ಮಾಡಿಕೊಟ್ಟು ಕಲ್ಲಿನಲ್ಲಿ ಸಾಲು ಹಾಕುವುದು ತಿಳಿದಿತ್ತು. ತಪ್ಪಿದರೆ ಅಳಿಸುವ ಸೌಕರ್ಯ ಅವನಿಗಿರಲಿಲ್ಲ. ಬೆರಳ ತುದಿಯಲ್ಲಿ ಎಲ್ಲವನ್ನೂ ಹಿಗ್ಗಿಸಿ ಕುಗ್ಗಿಸಬಲ್ಲ ನೀವು, ಆಗುವುದಿಲ್ಲ ಎನ್ನುವ ಮೊದಲು ಮುಂದಿನ ವೀಡಿಯೊದಲ್ಲಿ ಈ ಕ್ರಮವನ್ನೊಮ್ಮೆ ಮಾಡಿ ನೋಡಿರಿ. ಆಮೇಲೂ ಕಾಣಿಸದಿದ್ದರೆ ಆ ಚಿತ್ರವನ್ನೇ ನನಗೆ ಕಳುಹಿಸಿಕೊಡಿ. ಎಲ್ಲಿ ಕೆಟ್ಟಿದೆಯೆಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿ ಹಿಂದಿರುಗಿಸುತ್ತೇನೆ.