ಕಲ್ಲಿನ ಧೂಳಿಗೂ ಒಂದು ಲೆಕ್ಕವಿದೆ

ಮುನವಳ್ಳಿಯಲ್ಲಿ ಮನೆ ಕಟ್ಟಿಸುವವರು ಕಲ್ಲು ಕತ್ತರಿಸುವವರನ್ನು ಕರೆಸುವ ಮುನ್ನ ಒಂದು ಮಾತು ಕೇಳಬೇಕು: ಕಟರ್‌ಗೆ ನೀರು ಬೀಳುವ ವ್ಯವಸ್ಥೆ ಇದೆಯೇ? ಇಲ್ಲದಿದ್ದರೆ ಅದನ್ನು ಮಾಡಿಕೊಡುವ ಖರ್ಚು ಕಟ್ಟಿಸುವವರದ್ದೇ ಆಗಬೇಕು. ಸಿಮೆಂಟು, ಮರಳಿನ ಲೆಕ್ಕದ ಜೊತೆಗೇ ಇದನ್ನೂ ಬರೆಯಬೇಕು. ಇದು ನನ್ನ ಅಭಿಪ್ರಾಯ.

ನಮ್ಮ ಸವದತ್ತಿ ಸುತ್ತಲಿನ ಗುಡ್ಡಗಳ ಗಟ್ಟಿ ಬಂಡೆಗೆ ಭೂವಿಜ್ಞಾನಿಗಳು ‘ಸವದತ್ತಿ ಕ್ವಾರ್ಟ್ಜೈಟ್’ ಎಂದೇ ಹೆಸರಿಟ್ಟಿದ್ದಾರೆ. ಅದರಲ್ಲಿ ಹೆಚ್ಚಿನ ಪಾಲು ಬೆಣಚು, ಅಂದರೆ ಸಿಲಿಕಾ. ಶಹಾಬಾದ್ ಫರಸಿ ಸುಣ್ಣದ ಕಲ್ಲು. ಅದರಲ್ಲಿ ಸಿಲಿಕಾ ಇದಕ್ಕಿಂತ ಎಷ್ಟೋ ಕಡಿಮೆ. ಕಣ್ಣಿಗೆ ಎರಡೂ ಬರೀ ಧೂಳೇ, ಪುಪ್ಪುಸಕ್ಕೆ ಮಾತ್ರ ಬೇರೆ ಬೇರೆ.

ಕಟರ್ ಓಡುವಾಗ ನಮಗೆ ಕಾಣುವ ಮೋಡದಂಥ ಧೂಳಿನ ದಪ್ಪ ಕಣಗಳು ಮೂಗಿನಲ್ಲಿ, ಗಂಟಲಲ್ಲಿ ಸಿಕ್ಕಿ ಕಫದ ಜೊತೆ ಹೊರಬರುತ್ತವೆ. ಕಾಣದಷ್ಟು ಸಣ್ಣ ಕಣಗಳು, ಅಂದರೆ ತಲೆಗೂದಲಿನ ದಪ್ಪದ ಹತ್ತನೇ ಒಂದು ಭಾಗಕ್ಕಿಂತಲೂ ಚಿಕ್ಕವು, ಪುಪ್ಪುಸದ ತುದಿಯ ಗಾಳಿಚೀಲದವರೆಗೆ ಹೋಗಿ ಕೂರುತ್ತವೆ. ದೇಹದ ರಕ್ಷಕ ಕಣಗಳು ಅವನ್ನು ನುಂಗುತ್ತವೆ, ಜೀರ್ಣಿಸಿಕೊಳ್ಳಲಾಗದೆ ಸಾಯುತ್ತವೆ. ಆ ಜಾಗದಲ್ಲಿ ಗಾಯದ ಗಂಟು ಕಟ್ಟುತ್ತದೆ. ಇದೇ ಸಿಲಿಕೋಸಿಸ್. ಸಾಮಾನ್ಯವಾಗಿ ಹತ್ತು ವರ್ಷ ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ, ಧೂಳು ವಿಪರೀತವಾಗಿದ್ದರೆ ಅದಕ್ಕೂ ಮೊದಲೇ. ಗಂಟನ್ನು ಕರಗಿಸುವ ಔಷಧಿ ಇಲ್ಲ. ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಹುದು.

ಈಗ ನಮ್ಮ ಕಾಮರ್ಸ್‌ನವರ ಪಾಲಿನ ಲೆಕ್ಕ. 1948ರ ಕಾರ್ಖಾನೆ ಕಾಯ್ದೆಯ ಅನುಸೂಚಿಯಲ್ಲಿ ಒಂದು ಸೂತ್ರವಿತ್ತು. ಉಸಿರಿನಲ್ಲಿ ಒಳಹೋಗುವ ಧೂಳಿನಲ್ಲಿ ಶೇಕಡಾ ಎಷ್ಟು ಬೆಣಚಿದೆಯೋ ಅದಕ್ಕೆ 2 ಕೂಡಿಸಿ, ಬಂದದ್ದರಿಂದ 10ನ್ನು ಭಾಗಿಸಬೇಕು. ಬೆಣಚು ಶೇಕಡಾ 80 ಎಂದಿಟ್ಟುಕೊಳ್ಳಿ: 10 ÷ 82, ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 0.12 ಮಿಲಿಗ್ರಾಂ. ದಿನದ ಪಾಳಿಯಲ್ಲಿ ಮನುಷ್ಯ ಸುಮಾರು 10 ಘನ ಮೀಟರ್ ಗಾಳಿ ಎಳೆಯುತ್ತಾನೆ. ಅಲ್ಲಿಗೆ ದಿನಕ್ಕೆ ಒಳಗೆ ಹೋಗಬಹುದಾದದ್ದು 1.2 ಮಿಲಿಗ್ರಾಂ. ಅಡುಗೆಮನೆಯ ಪುಡಿ ಉಪ್ಪಿನ ಇಪ್ಪತ್ತು ಹರಳಿನ ತೂಕ, ಅಷ್ಟೇ! ಅಮೆರಿಕದಲ್ಲಿ 2016ರಲ್ಲಿ ತಂದ ಮಿತಿ ಇನ್ನೂ ಬಿಗಿ. ಅಲ್ಲಿ ಬೆಣಚು ಒಂದು ಘನ ಮೀಟರಿಗೆ 0.05 ಮಿಲಿಗ್ರಾಂ ಮೀರುವಂತಿಲ್ಲ.

ನನ್ನ ಮಾಮು ಹದಿನೆಂಟು ವರ್ಷ ಕಲ್ಲು ಕತ್ತರಿಸಿದವರು. “ರುಮಾಲು ಕಟ್ಟೀನಲ್ಲೋ ಬೇಟಾ” ಅನ್ನುತ್ತಾರೆ. ರುಮಾಲಿನ ನೇಯ್ಗೆಯ ಸಂದು ಈ ಕಣಗಳಿಗೆ ತೆರೆದ ಬಾಗಿಲು. ಎನ್95 ಮಾಸ್ಕ್ ವಾಸಿ, ಆದರೆ ಅದು ಮುಖಕ್ಕೆ ಅಂಟಿಕೊಂಡರೆ ಮಾತ್ರ. ಮಾಮುವಿನಂತೆ ದಾಡಿ ಇದ್ದವರಿಗೆ ಅಂಚಿನಲ್ಲಿ ಗಾಳಿ ನುಸುಳುತ್ತದೆ. ಹಾಗಾಗಿ ಧೂಳನ್ನು ಹುಟ್ಟುವಲ್ಲೇ ಹಿಡಿಯಬೇಕು. ಬ್ಲೇಡು ಕಲ್ಲಿಗೆ ತಾಗುವ ಜಾಗಕ್ಕೇ ನೀರು ನಿರಂತರ ಬೀಳುತ್ತಿದ್ದರೆ ಧೂಳಿನ ಬಹುಪಾಲು ಕೆಸರಾಗಿ ಕೆಳಗಿಳಿಯುತ್ತದೆ. ಮೊದಲೇ ಕಲ್ಲಿನ ಮೇಲೆ ಒಂದು ಚೊಂಬು ನೀರು ಚೆಲ್ಲಿದರೆ ಸಾಲದು. ಕೆಸರು ಒಣಗಿದ ಮೇಲೆ ಕಸಬರಿಗೆ ಹಿಡಿದರೆ ಅದೇ ಧೂಳು ಮತ್ತೆ ಏಳುತ್ತದೆ, ಹಸಿ ಇರುವಾಗಲೇ ಬಳಿಯಬೇಕು. ನೀರು, ಕರೆಂಟು ಕೂಡಿದರೆ ಅಪಾಯ, ಆದ್ದರಿಂದ ನೀರಿಗೆಂದೇ ಮಾಡಿದ ಯಂತ್ರ ಬೇಕು, ಲೈನಿಗೆ ಕರೆಂಟು ಸೋರಿದ ಕೂಡಲೇ ಕಡಿಯುವ ಟ್ರಿಪ್ ಸ್ವಿಚ್ಚೂ ಬೇಕು.

ಮಾಮುವಿಗೆ ಎರಡು ಸಲ ಟಿಬಿ ಮಾತ್ರೆ ಕೊಟ್ಟರು. ಏನು ಕೆಲಸ ಮಾಡುತ್ತೀರಿ ಎಂದು ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಅದನ್ನು ದಮಾ ಅಂದರು, ಓಣಿಯಲ್ಲಿ ದಮ್ಮು ಅಂದರು. ಎಕ್ಸ್‌ರೇಯಲ್ಲಿ ಪುಪ್ಪುಸದ ಮೇಲ್ಭಾಗದ ಸಣ್ಣ ಚುಕ್ಕೆಗಳು ಟಿಬಿಯಂತೆಯೇ ಕಾಣುವುದುಂಟು. ಸಿಲಿಕೋಸಿಸ್ ಇದ್ದವರಿಗೆ ಟಿಬಿ ನಿಜವಾಗಿಯೂ ಬೇಗ ಹತ್ತುತ್ತದೆ, ಹೀಗಾಗಿ ಕಫದ ಪರೀಕ್ಷೆ ಬಿಡುವಂತಿಲ್ಲ. ಆದರೆ ಎಕ್ಸ್‌ರೇ ಜೊತೆಗೆ ಎಷ್ಟು ವರ್ಷ, ಯಾವ ಕಲ್ಲು, ಒಣ ಕತ್ತರಿಕೆಯೋ ಹಸಿಯೋ ಎಂಬುದು ಗೊತ್ತಾಗದೆ ಈ ರೋಗವನ್ನು ಹೆಸರಿಸಲಾಗದು. ಡಾಕ್ಟರು ಕೇಳದಿದ್ದರೆ ನಾವೇ ಹೇಳಬೇಕು.

ಕೋಲಾರದ ಚಿನ್ನದ ಗಣಿಯವರಿಗೆ ಇದು ಹಳೆಯ ಕಥೆ. 1940ರಲ್ಲೇ ಮೈಸೂರು ಸಂಸ್ಥಾನ ಸಿಲಿಕೋಸಿಸ್ ನಿಯಮಗಳನ್ನು ತಂದಿತು. ಆ ದಶಕದಲ್ಲಿ ಅಲ್ಲಿ ಏಳು ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಪರೀಕ್ಷಿಸಿದಾಗ ನೂರರಲ್ಲಿ ನಲವತ್ತಕ್ಕಿಂತ ಹೆಚ್ಚು ಜನರಲ್ಲಿ ಈ ರೋಗ ಕಂಡಿತು. ಅವರಿಗೆ ಕಂಪನಿ ಇತ್ತು, ಹಾಜರಿ ಪುಸ್ತಕವಿತ್ತು. 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಈ ರೋಗವಿತ್ತು, ಆದರೆ ಪರಿಹಾರ ಕೇಳಲು ಮಾಲೀಕ ಯಾರೆಂದು ತೋರಿಸಬೇಕಿತ್ತು. ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರದು ಎಂದು ದುಡಿಯುವ ಮಾಮು ಯಾರನ್ನು ತೋರಿಸಬೇಕು?

ರಾಜಸ್ಥಾನ 2019ರ ನೀತಿಯಲ್ಲಿ ಇದಕ್ಕೆ ದಾರಿ ಮಾಡಿದೆ. ವೈದ್ಯರ ಮಂಡಳಿ ರೋಗವನ್ನು ಪ್ರಮಾಣೀಕರಿಸಿದರೆ ಸರ್ಕಾರವೇ 3 ಲಕ್ಷ ರೂಪಾಯಿ ನೆರವು ಕೊಡುತ್ತದೆ. ನನಗೆ ಈ ಪದ್ಧತಿ ಸರಿ ಎನಿಸುತ್ತದೆ.

ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಒಂದು ಡೈರಿ ಶುರುವಾಗಿದೆ. ತಾರೀಖು, ಯಾರ ಕೆಲಸ, ಯಾವ ಕಲ್ಲು, ಎಷ್ಟು ತಾಸು, ನೀರಿತ್ತೋ ಇಲ್ಲವೋ. ಮಾಮು ಹೇಳುತ್ತಾರೆ, ನಾನು ಬರೆಯುತ್ತೇನೆ. ಹಳೆಯ ಹದಿನೆಂಟು ವರ್ಷದ್ದನ್ನು ನೆನಪಿದ್ದಷ್ಟು ಹಿಂದಿನ ಪುಟಗಳಲ್ಲಿ ಬರೆಯುತ್ತಿದ್ದೇವೆ.