ಕಾಯುವುದು ಸರಿ, ಸುಮ್ಮನಿರುವುದೇಕೆ?

ಥೈರಾಯ್ಡ್ ಆಪರೇಷನ್ ಆದಮೇಲೆ ದನಿ ಕೂತರೆ ನಮ್ಮ ಜಯನಗರ, ಬನಶಂಕರಿ ಕಡೆ ಸಾಮಾನ್ಯವಾಗಿ ಸಿಗುವ ಸಲಹೆ: "ಮಾತು ಕಮ್ಮಿ ಮಾಡಿ, ತಾನಾಗೇ ಸರಿಹೋಗುತ್ತೆ." ಹೇಳುವವರ ಮೇಲೆ ನನಗೆ ಮುನಿಸಿಲ್ಲ. ಅರ್ಧ ಮಾತು ನಿಜವೂ ಹೌದು. ಧ್ವನಿತಂತುವಿನ ನರ ತುಂಡಾಗದೆ ಬರೀ ಎಳೆತಕ್ಕೆ ಸಿಕ್ಕಿದ್ದರೆ ಎಷ್ಟೋ ಸಲ 6ರಿಂದ 12 ತಿಂಗಳಲ್ಲಿ ಚೇತರಿಸಿಕೊಳ್ಳುತ್ತದೆ. ನನ್ನ ತಕರಾರಿರುವುದು ಉಳಿದರ್ಧದ ಬಗ್ಗೆ.

ನಮಗೆ ಪರಿಚಯದ ಟೀಚರೊಬ್ಬರು ಹೀಗೆ ಎರಡು ತಿಂಗಳು ಮೌನವಾಗಿದ್ದರು. ಬಾಯಿ ತೆರೆದರೆ ದನಿಗಿಂತ ಗಾಳಿಯೇ ಹೆಚ್ಚು. ಫೋನಿನಲ್ಲಿ ಎರಡು ವಾಕ್ಯ ಆಡುವಷ್ಟರಲ್ಲಿ ಉಸಿರು ಮುಗಿಯುತ್ತಿತ್ತು, ನೀರು ಕುಡಿದರೆ ಕೆಮ್ಮು. ಯಾರೋ ಹೇಳಿದರೆಂದು ಗೋಡೆ ತಳ್ಳುತ್ತಾ "ಆ" ಎಂದು ಕಿರುಚಿಯೂ ನೋಡಿದರು. ಗಂಟಲು ಬಿಗಿಯಿತು, ದನಿ ಇನ್ನಷ್ಟು ಒರಟಾಯಿತು.

ಕೊನೆಗೆ ಇಎನ್‌ಟಿ ವೈದ್ಯರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದಾಗ ಎಡಗಡೆಯ ಧ್ವನಿತಂತು ಅಲ್ಲಾಡುತ್ತಿರಲಿಲ್ಲ. ಬಲಗಡೆಯದು ನಡುವಿಗೆ ಬಂದರೂ ಸಂದು ಉಳಿಯುತ್ತಿತ್ತು. (ಎಡದ ನರ ಎದೆಗಿಳಿದು, ಮಹಾಧಮನಿಯನ್ನು ಬಳಸಿ ಮತ್ತೆ ಗಂಟಲಿಗೆ ಏರುತ್ತದೆ. ಎದೆಯ ಆಪರೇಷನ್ ಆದವರಿಗೂ ಇದೇ ಗತಿ ಬರುವುದು ಅದಕ್ಕೇ.)

ಸ್ಪೀಚ್ ಥೆರಪಿಸ್ಟ್ ಮಾಡಿದ ಪರೀಕ್ಷೆಗೆ ಬೇಕಾದದ್ದು ಒಂದು ಗಡಿಯಾರ. ಹಾವಿನ ಹಾಗೆ "ಸ್‌ಸ್‌" ಎಂದು ಒಂದೇ ಉಸಿರಿನಲ್ಲಿ ಎಳೆಸಿದರು: 16 ಸೆಕೆಂಡ್. ದುಂಬಿಯ ಹಾಗೆ "ಝ್‌ಝ್‌" ಎನಿಸಿದರು: 6 ಸೆಕೆಂಡ್. ಮೊದಲನೆಯದಕ್ಕೆ ತಂತು ಅದುರಬೇಕಿಲ್ಲ, ಎರಡನೆಯದಕ್ಕೆ ಬೇಕು. ಆರೋಗ್ಯವಂತರಲ್ಲಿ ಎರಡೂ ಹೆಚ್ಚುಕಮ್ಮಿ ಸಮ. ಅಂದರೆ ಇವರ ಶ್ವಾಸಕೋಶದಲ್ಲಿ ಗಾಳಿ ಇದೆ, ಸೋರುತ್ತಿರುವುದು ಗಂಟಲಲ್ಲಿ. ವಿಶ್ರಾಂತಿ ಬೇಕಾದದ್ದು ಬಾತುಕೊಂಡ ತಂತುವಿಗೆ. ನರ ಸತ್ತು ನಿಂತ ತಂತುವಿಗೆ ಮೌನದಿಂದ ಏನೂ ಸಿಗದು.

ಆಮೇಲೆ ತಲೆಯನ್ನು ಎಡಕ್ಕೆ ತಿರುಗಿಸಿ "ಮ್‌ಮ್‌" ಎನ್ನಿಸಿದರು. ಸಂದು ಕಿರಿದಾಗಿ ದನಿಗೆ ಕಸುವು ಬಂತು. ಆ ಹಿಡಿತವನ್ನೇ ಪದಕ್ಕೆ, ವಾಕ್ಯಕ್ಕೆ ಒಯ್ದು, ನಿಧಾನವಾಗಿ ತಲೆಯನ್ನು ನೇರಕ್ಕೆ ತರುವುದೇ ಅಭ್ಯಾಸ. ಕಿರುಚಿದಾಗ ಆದದ್ದೇ ಬೇರೆ: ಮೇಲಿನ ಹುಸಿತಂತುಗಳು ಹಿಂಡಿಕೊಂಡು ಅದೇ ಚಾಳಿಯಾಗುತ್ತಿತ್ತು. ಎರಡು ತಿಂಗಳಲ್ಲಿ "ಝ್‌ಝ್‌" 11 ಸೆಕೆಂಡಿಗೆ ಬಂತು. ನರ ಎದ್ದಿರಲಿಲ್ಲ, ಬಲತಂತು ನಡು ದಾಟಿ ಎಡದ್ದನ್ನು ಮುಟ್ಟಲು ಕಲಿತಿತ್ತು.

ಥೆರಪಿ ನರವನ್ನು ಬದುಕಿಸುವುದಿಲ್ಲ. ಸಂದು ದೊಡ್ಡದಿದ್ದರೆ, ಕುಡಿದ ನೀರು ಶ್ವಾಸನಾಳಕ್ಕೆ ಇಳಿಯುತ್ತಿದ್ದರೆ, ತಂತುವಿನ ಪಕ್ಕಕ್ಕೆ ಇಂಜೆಕ್ಷನ್ ಕೊಟ್ಟು ಅದನ್ನು ಒಳಕ್ಕೆ ಸರಿಸಬೇಕಾದೀತು. ಕೆಲವು ತಿಂಗಳಲ್ಲಿ ಕರಗುವ ಮದ್ದೂ ಇದೆ, ಆದ್ದರಿಂದ ನರಕ್ಕಾಗಿ ಕಾಯುತ್ತಲೇ ಇದನ್ನು ಮಾಡಿಸಬಹುದು. ಶಾಶ್ವತ ಆಪರೇಷನ್ನಿಗೆ ಮಾತ್ರ ಸಾಮಾನ್ಯವಾಗಿ ವರ್ಷ ಕಾಯುತ್ತಾರೆ.

ಅಮೆರಿಕದ ಇಎನ್‌ಟಿ ವೈದ್ಯರ ಸಂಘದ 2013ರ ಮಾರ್ಗಸೂಚಿ ಥೈರಾಯ್ಡ್ ಆಪರೇಷನ್ ಆಗಿ 2 ವಾರದಿಂದ 2 ತಿಂಗಳೊಳಗೆ ದನಿ ಬದಲಾಗಿದೆಯೇ ಎಂದು ದಾಖಲಿಸಿ, ಬದಲಾಗಿದ್ದರೆ ತಂತು ಅಲ್ಲಾಡುತ್ತಿದೆಯೇ ನೋಡಿ ಎನ್ನುತ್ತದೆ. ಹೊಲಿಗೆ ತೋರಿಸಲು ಹೋದ ದಿನವೇ ದಯವಿಟ್ಟು ಕೇಳಿ: "ಕ್ಯಾಮೆರಾ ಹಾಕಿ ನೋಡ್ತೀರಾ?"