ಒಂದೇ ಉಸಿರಿನ ಎಣಿಕೆ

ರೋಗಿ ಮನೆಗೆ ಹೋದ ಮೇಲೆ ಏನಾದರೆಂಬುದು ವಾರ್ಡಿನ ವೈದ್ಯರಿಗೆ ಎಷ್ಟೋ ಸಲ ತಿಳಿಯುವುದೇ ಇಲ್ಲ. ಅವರ ಕೈಸೇರುವ ಕೃತಜ್ಞತೆಯ ಕಾಗದದಲ್ಲೂ ಸಾಮಾನ್ಯವಾಗಿ ‘ನೀವೇ ನಮ್ಮ ಪಾಲಿನ ದೇವರು’ ಎಂಬ ಒಂದೇ ಸಾಲು. ಗಿಲನ್ ಬಾರೆ ಎಂಬ ನರರೋಗದಿಂದ 70 ದಿನ ಆಸ್ಪತ್ರೆಯಲ್ಲಿದ್ದ ನಿವೃತ್ತ ಗುಮಾಸ್ತರೊಬ್ಬರ ಮಗಳು ಬರೆದ ಕಾಗದ ಹಾಗಿರಲಿಲ್ಲ. ನಡೆದದ್ದನ್ನು ನಡೆದ ಹಾಗೆಯೇ ಆಕೆ ಬರೆದಿದ್ದರು.

ಈ ರೋಗದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ನರಗಳ ಹೊದಿಕೆಯನ್ನು ಹಾಳುಮಾಡುತ್ತದೆ. ಭೇದಿಯೋ ನೆಗಡಿ, ಜ್ವರವೋ ಬಂದುಹೋದ ಕೆಲವು ದಿನಗಳಲ್ಲಿ ಅನೇಕರಿಗೆ ಕಾಲು ಸೋಲತೊಡಗುತ್ತದೆ. ಆ ಸೋಲು ಮೇಲೇರುತ್ತ ಎದೆಯ ಸ್ನಾಯುಗಳನ್ನು ಮುಟ್ಟಿದರೆ ಉಸಿರಿಗೇ ಸಂಚಕಾರ.

‘ಡಾಕ್ಟರೇ, ನೀವು ಬಂದಾಗಲೆಲ್ಲ ಅಪ್ಪನಿಗೆ ಉಸಿರೆಳೆದುಕೊಂಡು ಒಂದರಿಂದ ಎಣಿಸಿ ಎನ್ನುತ್ತಿದ್ದಿರಿ. ಮೊದಲ ಸಂಜೆ 28. ಮರುದಿನ ಬೆಳಿಗ್ಗೆ 19. ರಾತ್ರಿ 12. ಬೆರಳಿನ ಯಂತ್ರ ಆಗಲೂ 97 ತೋರಿಸುತ್ತಿತ್ತು. ಆಮ್ಲಜನಕ ಸರಿಯಿದ್ದರೂ ವೆಂಟಿಲೇಟರ್ ಯಾಕೆ ಎಂದು ಕೇಳಿದೆ. ನೀವು ನಿಂತು ವಿವರಿಸಿದಿರಿ.’

ವಿವರಣೆ ಇಷ್ಟೇ. ಸ್ನಾಯುಗಳು ಸೋಲುತ್ತಿದ್ದಾಗ ಆಮ್ಲಜನಕದ ಅಂಕಿ ಕುಸಿಯುವುದು ಕಡೆಗೆ. ಅದಕ್ಕೆ ಕಾದರೆ ತಡವಾಗಿರುತ್ತದೆ. ಎಣಿಕೆ ಅದಕ್ಕೂ ಮೊದಲೇ ಇಳಿಯುತ್ತದೆ. ಸೆಕೆಂಡಿಗೆ ಎರಡರಂತೆ ಎಣಿಸಿದರೆ ಆರೋಗ್ಯವಂತರು ಒಂದೇ ಉಸಿರಿನಲ್ಲಿ 30 ದಾಟುವುದು ಸಾಮಾನ್ಯ. 20ಕ್ಕಿಂತ ಕೆಳಗಿಳಿದರೆ ಎಚ್ಚರ ಬೇಕು. ಆದರೆ ತುಟಿ, ಗಂಟಲು ಸೋತವರಿಗೆ ಎಣಿಸುವುದೇ ಕಷ್ಟ. ಆದ್ದರಿಂದ ಈ ಒಂದನ್ನೇ ನಂಬದೆ, ಊದಿಸಿ ಉಸಿರಿನ ಪ್ರಮಾಣ ಅಳೆಯುವ ಉಪಕರಣವನ್ನೂ ಬಳಸುತ್ತಾರೆ. ಆ ರಾತ್ರಿ ಅಳತೆಯೂ ಕಡಿಮೆಯೇ ಬಂದಿತ್ತು. ಉಸಿರು ನಿಲ್ಲುವ ಮೊದಲೇ, ಅವಸರವಿಲ್ಲದೆ ನಳಿಕೆ ಹಾಕಿದರು.

ಐದು ದಿನ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟರೂ ಕೈಕಾಲು ಕೂಡಲೇ ಏಳಲಿಲ್ಲ. ಆ ಔಷಧ ರೋಗದ ಹೊಡೆತವನ್ನು ತಗ್ಗಿಸುತ್ತದೆ. ಹಾಳಾದ ಹೊದಿಕೆ ಮತ್ತೆ ಬೆಳೆಯಲು ವಾರಗಳು, ತಿಂಗಳುಗಳೇ ಬೇಕು. ಅಷ್ಟು ದಿನ ಉಳಿಸಿದ್ದು ಆರೈಕೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ ದಾದಿಯರ ಹೆಸರುಗಳನ್ನೆಲ್ಲ ಮಗಳು ಬರೆದಿದ್ದರು. ‘ಅಪ್ಪನಿಗೆ ಒಂದು ಹುಣ್ಣೂ ಆಗಲಿಲ್ಲ. ಮಾತಿಲ್ಲದಿದ್ದರೂ ಎಲ್ಲ ಕೇಳಿಸುತ್ತದೆ ಎಂದು ನೀವು ಹೇಳಿದಿರಿ. ಒಮ್ಮೆ ರೆಪ್ಪೆ ಬಡಿದರೆ ಹೌದು, ಎರಡು ಸಲ ಬಡಿದರೆ ಅಲ್ಲ ಎಂದು ಕಲಿಸಿದಿರಿ. ಅವರು ಮೊದಲು ಕೇಳಿದ್ದು ಫ್ಯಾನ್ ಆರಿಸಿ ಎಂದು.’

ಕಾಗದದ ಕೊನೆಯಲ್ಲಿ, ಆಸ್ಪತ್ರೆ ಬಿಟ್ಟ ಏಳು ತಿಂಗಳ ಲೆಕ್ಕವಿತ್ತು. ‘ಕೋಲು ಹಿಡಿದು ಹಿತ್ತಲಿನವರೆಗೆ ನಡೆಯುತ್ತಾರೆ. ಎಡಪಾದ ಇನ್ನೂ ಜೋಲುತ್ತದೆ. ಅಂಗಿಯ ಗುಂಡಿ ಹಾಕಲು ಬರುವುದಿಲ್ಲ. ನಿನ್ನೆ ಒಂದೇ ಉಸಿರಿಗೆ 34 ಎಣಿಸಿದರು.’

ವೈದ್ಯರು ಅದನ್ನು ಮೇಜಿನ ಡ್ರಾಯರಿನಲ್ಲಿಡಲಿಲ್ಲ. ಮರುದಿನದ ರೌಂಡ್ಸಿನಲ್ಲಿ ಕಿರಿಯ ವೈದ್ಯರಿಗೂ ದಾದಿಯರಿಗೂ ಓದಿ ಹೇಳಿದರು: 28, 19, 12, ಕೊನೆಗೆ 34.